ಒಬ್ಬ ಕೆಲಸಗಾರ ತಡ ಮಾಡಿದರೆ ಇಡೀ ಮನೆ ತಡವಾಗುತ್ತದೆಯೇ? ಒಂದು ಹಾಳೆಯ ಲೆಕ್ಕ

ಮನೆ ಕಟ್ಟಿಸುವವರ ಬಾಯಲ್ಲಿ ಎರಡು ಮಾತು ಮೇಲಿಂದ ಮೇಲೆ ಕೇಳಿಬರುತ್ತವೆ. "ಪ್ಲಂಬರ್ ಎರಡು ದಿನ ಕೈಕೊಟ್ಟ, ಅದಕ್ಕೇ ಗೃಹಪ್ರವೇಶ ಎರಡು ದಿನ ಮುಂದಕ್ಕೆ ಹೋಯ್ತು" ಎನ್ನುವುದು ಒಂದು. "ಇನ್ನೂ ನಾಲ್ಕು ಆಳು ಹಾಕಿದ್ರೆ ಬೇಗ ಮುಗಿಯುತ್ತೆ" ಎನ್ನುವುದು ಇನ್ನೊಂದು. ಎರಡೂ ಕೆಲವೊಮ್ಮೆ ನಿಜ, ಕೆಲವೊಮ್ಮೆ ತಪ್ಪು. ಯಾವಾಗ ನಿಜ, ಯಾವಾಗ ತಪ್ಪು ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಒಂದು ಹಾಳೆ, ಒಂದು ಪೆನ್ನು, ಕೂಡಿಸಿ ಕಳೆಯುವ ಲೆಕ್ಕ ಇಷ್ಟು ಸಾಕು.

ಏನಿದು ಚಿತ್ರ?

1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಈ ಲೆಕ್ಕದ ವಿಧಾನವನ್ನು ರೂಪಿಸಿದರು. ಅದಕ್ಕೆ ಕ್ರಿಟಿಕಲ್ ಪಾತ್ ವಿಧಾನ ಎಂದು ಹೆಸರು. ಆಗ ಲೆಕ್ಕ ಮಾಡಲು ದೊಡ್ಡ ಕಂಪ್ಯೂಟರ್ ಬಳಸುತ್ತಿದ್ದರು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫೊಂಡಾಲ್, ಕಟ್ಟಡ ಕಟ್ಟುವವರು ಕಂಪ್ಯೂಟರ್ ಇಲ್ಲದೆಯೂ ಇದನ್ನು ಮಾಡಬಹುದು ಎಂದು ತೋರಿಸಿಕೊಟ್ಟರು.

ಅವರು ಬಳಸಿದ ಚಿತ್ರ ಸರಳ. ಪ್ರತಿ ಕೆಲಸಕ್ಕೂ ಒಂದು ಡಬ್ಬಿ ಬರೆಯಬೇಕು. ಯಾವ ಕೆಲಸ ಮುಗಿದ ಮೇಲೆ ಯಾವುದು ಶುರುವಾಗಬೇಕೋ ಅದನ್ನು ಬಾಣದಿಂದ ತೋರಿಸಬೇಕು. ಡಬ್ಬಿ ಎಂದರೆ ಕೆಲಸ, ಬಾಣ ಎಂದರೆ "ಇದಾದ ಮೇಲೆ ಅದು". ಅಷ್ಟೇ.

ಒಂದು ಮನೆಯ ಉದಾಹರಣೆ

ಮನೆಗೆ ಮೋಲ್ಡ್ ಹಾಕಿ ಆಗಿದೆ ಎಂದುಕೊಳ್ಳಿ. ಉಳಿದಿರುವ ಮುಖ್ಯ ಕೆಲಸಗಳು ಒಂಬತ್ತು. ದಿನಗಳು ಉದಾಹರಣೆಗಾಗಿ ಇಟ್ಟುಕೊಂಡವು, ನಿಮ್ಮ ಮನೆಗೆ ನಿಮ್ಮ ಮೇಸ್ತ್ರಿ ಹೇಳಿದ ದಿನಗಳನ್ನು ಹಾಕಿಕೊಳ್ಳಿ.

- ಸೆಂಟ್ರಿಂಗ್ ಬಿಚ್ಚುವವರೆಗೆ ಕಾಯುವುದು: 14 ದಿನ
- ಬಾಗಿಲಿಗೆ ಮರ ತರಿಸುವುದು: 10 ದಿನ
- ಗೋಡೆ ಕೊರೆದು ಕರೆಂಟ್ ಪೈಪು ಕೂರಿಸುವುದು: 6 ದಿನ (ಸೆಂಟ್ರಿಂಗ್ ಬಿಚ್ಚಿದ ಮೇಲೆ)
- ನೀರಿನ ಪೈಪು ಕೂರಿಸುವುದು: 4 ದಿನ (ಸೆಂಟ್ರಿಂಗ್ ಬಿಚ್ಚಿದ ಮೇಲೆ)
- ಪ್ಲಾಸ್ಟರಿಂಗ್ ಮತ್ತು ಅದಕ್ಕೆ ನೀರು ಹಾಕುವುದು: 19 ದಿನ (ಎರಡೂ ಪೈಪಿನ ಕೆಲಸ ಮುಗಿದ ಮೇಲೆ)
- ನೆಲದ ಟೈಲ್ಸ್: 8 ದಿನ (ಪ್ಲಾಸ್ಟರಿಂಗ್ ಆದ ಮೇಲೆ)
- ಬಡಗಿ ಬಾಗಿಲು ಮಾಡುವುದು: 25 ದಿನ (ಮರ ಬಂದ ಮೇಲೆ)
- ಬಾಗಿಲು ಕೂರಿಸುವುದು: 3 ದಿನ (ಟೈಲ್ಸ್ ಆಗಿರಬೇಕು, ಬಾಗಿಲೂ ತಯಾರಿರಬೇಕು)
- ಬಣ್ಣ: 10 ದಿನ (ಬಾಗಿಲು ಕೂರಿಸಿದ ಮೇಲೆ)

ಎಲ್ಲ ದಿನಗಳನ್ನೂ ಕೂಡಿಸಿದರೆ 99 ಬರುತ್ತದೆ. ಆದರೆ ಕೆಲವು ಕೆಲಸ ಒಟ್ಟೊಟ್ಟಿಗೆ ನಡೆಯುವುದರಿಂದ ಮನೆಗೆ ಅಷ್ಟು ದಿನ ಬೇಕಿಲ್ಲ. ಹಾಗಾದರೆ ಎಷ್ಟು ಬೇಕು?

ಮೊದಲ ಸುತ್ತು: ಎಡದಿಂದ ಬಲಕ್ಕೆ

ಈ ಸುತ್ತಿನಲ್ಲಿ ಪ್ರತಿ ಕೆಲಸವನ್ನು ಎಷ್ಟು ಬೇಗ ಶುರು ಮಾಡಬಹುದು ಎಂದು ನೋಡುತ್ತೇವೆ. ಮೊದಲ ಕೆಲಸದ ಶುರು ಸೊನ್ನೆ. ಸೆಂಟ್ರಿಂಗ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಕರೆಂಟ್ ಪೈಪು 14ಕ್ಕೆ ಶುರುವಾಗಿ 20ಕ್ಕೆ ಮುಗಿಯುತ್ತದೆ, ನೀರಿನ ಪೈಪು 14ಕ್ಕೆ ಶುರುವಾಗಿ 18ಕ್ಕೆ ಮುಗಿಯುತ್ತದೆ.

ಪ್ಲಾಸ್ಟರಿಂಗ್‌ಗೆ ಎರಡೂ ಮುಗಿದಿರಬೇಕು. ಆದ್ದರಿಂದ 18 ಮತ್ತು 20ರಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು. ಪ್ಲಾಸ್ಟರಿಂಗ್ 20ಕ್ಕೆ ಶುರು, 39ಕ್ಕೆ ಮುಕ್ತಾಯ. ಟೈಲ್ಸ್ ಮುಗಿಯುವುದು 47ಕ್ಕೆ. ಇತ್ತ ಮರ 10ಕ್ಕೆ ಬಂದು ಬಾಗಿಲು 35ಕ್ಕೆ ತಯಾರಾಗುತ್ತದೆ. ಬಾಗಿಲು ಕೂರಿಸಲು 35 ಮತ್ತು 47ರಲ್ಲಿ ಮತ್ತೆ ದೊಡ್ಡದು, ಅಂದರೆ 47. ಅದು 50ಕ್ಕೆ ಮುಗಿದು, ಬಣ್ಣ 60ಕ್ಕೆ ಮುಗಿಯುತ್ತದೆ. ಮನೆಗೆ ಬೇಕಾಗುವುದು 60 ದಿನ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. "20ಕ್ಕೆ ಶುರು" ಎಂದರೆ 20ನೇ ದಿನ ಸಂಜೆಯ ನಂತರ, ಅಂದರೆ 21ನೇ ದಿನ ಬೆಳಿಗ್ಗೆ ಎಂದರ್ಥ. ಇದನ್ನು ಮರೆತು ಕ್ಯಾಲೆಂಡರಿಗೆ ಬರೆದರೆ ಪ್ರತಿ ಹೆಜ್ಜೆಯಲ್ಲೂ ಒಂದು ದಿನ ತಪ್ಪುತ್ತದೆ.

ಎರಡನೇ ಸುತ್ತು: ಬಲದಿಂದ ಎಡಕ್ಕೆ

ಈಗ ಕೊನೆಯಿಂದ ಹಿಂದಕ್ಕೆ ಬನ್ನಿ. 60ನೇ ದಿನ ತಪ್ಪಬಾರದು ಎಂದಾದರೆ ಪ್ರತಿ ಕೆಲಸ ಎಷ್ಟು ತಡವಾಗಿ ಮುಗಿದರೂ ನಡೆಯುತ್ತದೆ? ಬಣ್ಣ 50ಕ್ಕೆ ಶುರುವಾಗಲೇಬೇಕು. ಹಾಗಾಗಿ ಬಾಗಿಲು ಕೂರಿಸುವುದು 50ರೊಳಗೆ ಮುಗಿಯಬೇಕು, 47ಕ್ಕೆ ಶುರುವಾಗಬೇಕು. ಅಂದರೆ ಟೈಲ್ಸ್ ಮುಗಿಯಲೂ ಬಾಗಿಲು ತಯಾರಾಗಲೂ ಕೊನೆಯ ಗಡುವು 47. ಟೈಲ್ಸ್ 39ಕ್ಕೆ ಶುರುವಾಗಬೇಕಾದ್ದರಿಂದ ಪ್ಲಾಸ್ಟರಿಂಗ್ ಗಡುವು 39, ಎರಡೂ ಪೈಪಿನ ಕೆಲಸದ ಗಡುವು 20. ಬಡಗಿ 47ಕ್ಕೆ ಮುಗಿಸಲು 22ಕ್ಕೆ ಶುರು ಮಾಡಿದರೂ ಸಾಕು, ಆದ್ದರಿಂದ ಮರ ಬರಲು ಗಡುವು 22.

ಒಂದು ಕೆಲಸದಿಂದ ಎರಡು ಬಾಣ ಹೊರಟಿದ್ದರೆ ಈ ಸುತ್ತಿನಲ್ಲಿ ಚಿಕ್ಕ ಸಂಖ್ಯೆ ತೆಗೆದುಕೊಳ್ಳಬೇಕು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕರೆಂಟ್ ಪೈಪು ತಡವೆಂದರೆ 14ಕ್ಕೆ, ನೀರಿನ ಪೈಪು ತಡವೆಂದರೆ 16ಕ್ಕೆ ಶುರುವಾಗಬೇಕು. ಆದ್ದರಿಂದ ಸೆಂಟ್ರಿಂಗ್ ಗಡುವು 14.

ಫ್ಲೋಟ್ ಎಂದರೇನು?

ಗಡುವಿನಿಂದ ಬೇಗನೆ ಶುರುವಾಗುವ ದಿನವನ್ನೂ ಕೆಲಸದ ಅವಧಿಯನ್ನೂ ಕಳೆದರೆ ಉಳಿಯುವುದೇ ಫ್ಲೋಟ್. ಅಂದರೆ ಮನೆಯ ಕೊನೆಯ ದಿನಕ್ಕೆ ತೊಂದರೆ ಆಗದಂತೆ ಆ ಕೆಲಸ ತಡವಾಗಬಹುದಾದ ದಿನಗಳು.

| ಕೆಲಸ | ಬೇಗನೆ ಶುರು | ಮುಗಿಸುವ ಗಡುವು | ಫ್ಲೋಟ್ |
|---|---|---|---|
| ಸೆಂಟ್ರಿಂಗ್ | 0 | 14 | 0 |
| ಮರ ತರಿಸುವುದು | 0 | 22 | 12 |
| ಕರೆಂಟ್ ಪೈಪು | 14 | 20 | 0 |
| ನೀರಿನ ಪೈಪು | 14 | 20 | 2 |
| ಪ್ಲಾಸ್ಟರಿಂಗ್ | 20 | 39 | 0 |
| ಟೈಲ್ಸ್ | 39 | 47 | 0 |
| ಬಾಗಿಲು ಮಾಡುವುದು | 10 | 47 | 12 |
| ಬಾಗಿಲು ಕೂರಿಸುವುದು | 47 | 50 | 0 |
| ಬಣ್ಣ | 50 | 60 | 0 |

ಫ್ಲೋಟ್ ಸೊನ್ನೆ ಇರುವ ಕೆಲಸಗಳ ಸಾಲೇ ಕ್ರಿಟಿಕಲ್ ಪಾತ್. ಇಲ್ಲಿ ಒಂದು ದಿನ ಹೋದರೆ ಮನೆಗೂ ಒಂದು ದಿನ ಹೋಯಿತು. ನೀರಿನ ಪೈಪಿಗೆ ಎರಡು ದಿನ ಫ್ಲೋಟ್ ಇದೆ. ಆದ್ದರಿಂದ ಮೊದಲ ಮಾತಿನಲ್ಲಿ ಬೈಸಿಕೊಂಡ ಪ್ಲಂಬರ್ ಈ ಮನೆಯ ಮಟ್ಟಿಗೆ ನಿರಪರಾಧಿ. ಅವನು ಎರಡು ದಿನ ಬರದಿದ್ದರೂ ಗೃಹಪ್ರವೇಶ ಮುಂದಕ್ಕೆ ಹೋಗುವುದಿಲ್ಲ. ಮೂರನೇ ದಿನವೂ ಬರದಿದ್ದರೆ ಮಾತ್ರ ಒಂದು ದಿನ ಹೋಗುತ್ತದೆ.

ಫ್ಲೋಟ್ ಯಾರ ಸ್ವತ್ತು?

ಟೇಬಲ್ಲಿನಲ್ಲಿ ಮರದ ಮುಂದೆ 12, ಬಾಗಿಲ ಮುಂದೆ 12 ಎಂದಿದೆ. ಹಾಗೆಂದು ಇಬ್ಬರಿಗೂ ಹನ್ನೆರಡು ಹನ್ನೆರಡು ದಿನ ಬಿಡುವಿಲ್ಲ. ಅದು ಆ ಇಡೀ ಸಾಲಿಗೆ ಸೇರಿದ ಒಂದೇ ಹನ್ನೆರಡು ದಿನ. ಮರದ ಅಂಗಡಿಯವರು "ಹೇಗೂ ಟೈಮ್ ಇದೆಯಲ್ಲ" ಎಂದು 12 ದಿನ ತಡ ಮಾಡಿ 22ಕ್ಕೆ ಮರ ಕಳಿಸಿದರೆ, ಬಡಗಿಯ ಪಾಲಿಗೆ ಉಳಿಯುವುದು ಸೊನ್ನೆ. ಆಮೇಲೆ ಅವನು ಜ್ವರ ಬಂದು ಒಂದು ದಿನ ಮಲಗಿದರೂ ಮನೆ 61ನೇ ದಿನಕ್ಕೆ ಹೋಗುತ್ತದೆ, ಬೈಗುಳ ಬೀಳುವುದು ಅವನಿಗೆ. ನಿಜವಾಗಿ ಬಿಡುವನ್ನು ತಿಂದು ಮುಗಿಸಿದವರು ಬೇರೆಯವರು.

ಹಾಗಾಗಿ ಫ್ಲೋಟ್ ಇರುವ ಕೆಲಸವನ್ನೂ ಆದಷ್ಟು ಬೇಗ ಶುರು ಮಾಡಿಸುವುದು ಒಳ್ಳೆಯದು. ಮರ ಎಷ್ಟು ದಿನ ತಡವಾಯಿತು ಎಂದು ಬರೆದಿಟ್ಟುಕೊಂಡು, ಬಡಗಿಗೆ ಎಷ್ಟು ಬಿಡುವು ಉಳಿದಿದೆ ಎಂದು ಆಗಲೇ ಹೇಳಬೇಕು.

ಆಳು ಹೆಚ್ಚಿಸಿದರೆ ಬೇಗ ಮುಗಿಯುತ್ತದೆಯೇ?

ಎಲ್ಲಿ ಹೆಚ್ಚಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಇನ್ನೊಬ್ಬ ಬಡಗಿಯನ್ನು ಹಾಕಿ ಬಾಗಿಲನ್ನು ಹತ್ತು ದಿನ ಮೊದಲೇ ಮಾಡಿಸಿದರೆ ಮನೆಗೆ ಒಂದು ದಿನವೂ ಉಳಿಯುವುದಿಲ್ಲ. ತಯಾರಾದ ಬಾಗಿಲು ಟೈಲ್ಸ್ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿರುತ್ತದೆ.

ಟೈಲ್ಸ್ ಹಾಕಲು ಇನ್ನೊಂದು ತಂಡ ತಂದು 8 ದಿನದ ಕೆಲಸವನ್ನು 5ಕ್ಕೆ ಇಳಿಸಿದರೆ ಪೂರ್ತಿ ಮೂರು ದಿನ ಉಳಿದು ಮನೆ 57ಕ್ಕೆ ಮುಗಿಯುತ್ತದೆ. ಕರೆಂಟ್ ಪೈಪಿನ 6 ದಿನವನ್ನು 3ಕ್ಕೆ ಇಳಿಸಿದರೂ ಹಾಗೇ ಮೂರು ಉಳಿಯಬೇಕಲ್ಲವೇ? ಇಲ್ಲ, ಎರಡೇ ಉಳಿಯುತ್ತದೆ. ಕರೆಂಟಿನವರು 17ಕ್ಕೇ ಮುಗಿಸಿದರೂ ಪ್ಲಂಬರ್ ಮುಗಿಸುವುದು 18ಕ್ಕೆ. ಈಗ ಕ್ರಿಟಿಕಲ್ ಪಾತ್ ಪ್ಲಂಬರ್ ಕಡೆಗೆ ತಿರುಗಿದೆ. ಮೂರು ದಿನದ ದುಡ್ಡು ಕೊಟ್ಟು ಎರಡು ದಿನ ಕೊಂಡಂತಾಯಿತು.

ಇನ್ನು ಸೆಂಟ್ರಿಂಗ್ ವಿಷಯ. ಎಷ್ಟು ಆಳು ಹಾಕಿದರೂ ಕಾಂಕ್ರೀಟು ಬೇಗ ಗಟ್ಟಿಯಾಗುವುದಿಲ್ಲ. ಸಾಮಾನ್ಯ ಸಿಮೆಂಟು ಬಳಸಿದಾಗ 4.5 ಮೀಟರ್‌ಗಿಂತ ಅಗಲದ ಸ್ಲ್ಯಾಬಿನ ಕೆಳಗಿನ ಊರುಗೋಲುಗಳನ್ನು ಕನಿಷ್ಠ 14 ದಿನ ತೆಗೆಯಬಾರದು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಅದಕ್ಕಿಂತ ಚಿಕ್ಕ ಸ್ಲ್ಯಾಬಿಗೆ ಕನಿಷ್ಠ 7 ದಿನ. ಪ್ಲಾಸ್ಟರಿಂಗ್‌ಗೆ ನೀರು ಹಾಕುವ ದಿನಗಳೂ ಹೀಗೆಯೇ. ಮುಹೂರ್ತ ಹತ್ತಿರ ಬಂತೆಂದು ಈ ದಿನಗಳನ್ನು ಕತ್ತರಿಸಬೇಡಿ. ಉಳಿಸುವುದಿದ್ದರೆ ಟೈಲ್ಸ್‌ನಂಥ ಕೆಲಸದಲ್ಲಿ ಉಳಿಸಿ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಈ ಚಿತ್ರ ಬಾಣ ಬರೆದಿದ್ದನ್ನು ಮಾತ್ರ ನೋಡುತ್ತದೆ, ಕೆಲಸ ಮಾಡುವ ಕೈಗಳನ್ನು ಎಣಿಸುವುದಿಲ್ಲ. ಕರೆಂಟು ಮತ್ತು ನೀರಿನ ಪೈಪು ಎರಡನ್ನೂ ಮಾಡುವವರು ಒಬ್ಬರೇ ಆಗಿದ್ದರೆ ಆ ಕೆಲಸಗಳು ಒಟ್ಟಿಗೆ ನಡೆಯುವುದಿಲ್ಲ. ಆಗ 14, 6, 4 ಸೇರಿ ಪ್ಲಾಸ್ಟರಿಂಗ್ ಶುರುವಾಗುವುದು 24ಕ್ಕೆ, ಮನೆ ಮುಗಿಯುವುದು 64ಕ್ಕೆ. ಹಾಳೆಯ ಮೇಲೆ 60 ಎಂದೇ ಇರುತ್ತದೆ. ಆದ್ದರಿಂದ ಪ್ರತಿ ಡಬ್ಬಿಯಲ್ಲೂ ಮಾಡುವವರ ಹೆಸರು ಬರೆಯಿರಿ. ಒಂದೇ ಹೊತ್ತಿಗೆ ನಡೆಯಬೇಕಾದ ಎರಡು ಡಬ್ಬಿಗಳಲ್ಲಿ ಒಂದೇ ಹೆಸರು ಕಂಡರೆ ನಡುವೆ ಒಂದು ಬಾಣ ಹಾಕಿ ಮತ್ತೆ ಲೆಕ್ಕ ಮಾಡಿ.

ಹಾಗಾದರೆ ಸತ್ಯ ಯಾವುದು?

"ಒಬ್ಬರು ತಡ ಮಾಡಿದರೆ ಎಲ್ಲವೂ ತಡ" ಎನ್ನುವುದು ಫ್ಲೋಟ್ ಸೊನ್ನೆ ಇರುವ ಕೆಲಸಕ್ಕೆ ಮಾತ್ರ ನಿಜ. "ಆಳು ಹೆಚ್ಚಿಸಿದರೆ ಬೇಗ" ಎನ್ನುವುದೂ ಆ ಸಾಲಿನ ಕೆಲಸಗಳಲ್ಲಿ ಮಾತ್ರ, ಅದೂ ಇನ್ನೊಂದು ಸಾಲು ಅಡ್ಡ ಬರುವವರೆಗೆ, ಒಣಗುವ ಗಟ್ಟಿಯಾಗುವ ದಿನಗಳನ್ನು ಬಿಟ್ಟು ನಿಜ. ಕೆಲಸ ನಡೆಯುತ್ತಿರುವಾಗ ವಾರಕ್ಕೊಮ್ಮೆ ನಿಜವಾದ ದಿನಗಳನ್ನು ಹಾಕಿ ಲೆಕ್ಕ ತಿದ್ದಿ. ಯಾವ ಸಾಲಿನ ಫ್ಲೋಟ್ ಪ್ರತಿ ವಾರ ಕರಗುತ್ತಿದೆಯೋ, ಮುಂದಿನ ಫೋನ್ ಕರೆ ಆ ಕೆಲಸದವರಿಗೆ ಹೋಗಬೇಕು.