ಸಾಸಿವೆ ಡಬ್ಬಿಗೆ ಕ್ಯೂಆರ್ ಕೋಡ್ ಇರಲಿಲ್ಲ

ಹೋದ ವರ್ಷ ಮೇ 24ನೇ ತಾರೀಕು, ಮಧ್ಯಾಹ್ನ ಊಟ ಮುಗಿಸಿ ಆಫೀಸಿನ ಕೆಳಗೆ ಟೀ ಕುಡೀತಾ ನಿಂತಿದ್ದೆ. ತಿಪಟೂರಿಂದ ಅಮ್ಮನ ಫೋನ್. "ಅಪ್ಪನ ಕಣ್ಣಿನ ಪೊರೆ ಆಪರೇಷನ್ ನಾಳೆಗೇ ಇಟ್ಕೊಂಡಿದಾರೆ ಕಣೋ. ಹತ್ತು ಸಾವಿರ ಅಡ್ವಾನ್ಸ್ ಕಟ್ಬೇಕಂತೆ. ಹಾಕ್ತೀಯಾ?" ಅಂದ್ರು. "ಹಾಕ್ತೀನಮ್ಮ" ಅಂತ ಠೀವಿಯಿಂದ ಹೇಳಿ ಬ್ಯಾಲೆನ್ಸ್ ನೋಡಿದೆ. 1,340 ರೂಪಾಯಿ ಇತ್ತು.

ಯಾರ ಹತ್ರ ಸಾಲ ಕೇಳೋದು ಅಂತ ಯೋಚಿಸ್ತಾ ಇರುವಾಗ ಅಮ್ಮನೇ ಮತ್ತೆ ಫೋನ್ ಮಾಡಿದರು. "ಬೇಡ ಬಿಡು, ಸಾಸಿವೆ ಡಬ್ಬಿಲಿ ಇತ್ತು, ಹೊಂದಿಸ್ಕೊಂಡೆ." ಮನೆಗೆ ಬರೋದು ಅಪ್ಪನ ಪಿಂಚಣಿ ಮತ್ತು ನಾನು ಕಳಿಸೋದು, ಎರಡೇ. ಎರಡನ್ನೂ ಕೂಡಿದರೂ ನನ್ನ ಸಂಬಳದ ಅರ್ಧ ಆಗೋದಿಲ್ಲ. ಅಂಥ ಮನೆಯ ಸಾಸಿವೆ ಡಬ್ಬಿಯಲ್ಲಿ ಹತ್ತು ಸಾವಿರ ಇತ್ತು. ಇಂಜಿನಿಯರ್ ಮಗನ ಸಂಬಳದ ಖಾತೆಯಲ್ಲಿ ಇರಲಿಲ್ಲ.

ಈ ಕಥೆ ಹೇಳಿದಾಗಲೆಲ್ಲ ನನಗೆ ಎರಡು ಉಪದೇಶ ಸಿಕ್ಕಿವೆ. ಒಂದು, "ನಿಂಗೆ ಶಿಸ್ತಿಲ್ಲ, ಹೊರಗಡೆ ಕಾಫಿ ಕುಡಿಯೋದು ಬಿಡು." ಇನ್ನೊಂದು, "ದಿನದ ಖರ್ಚು ಬರೆದಿಡೋ ಆಪ್ ಹಾಕ್ಕೋ." ಎರಡೂ ತಪ್ಪು ಅನ್ನೋದು ನನ್ನ ವಾದ. ನಮ್ಮಪ್ಪನೂ ದಿನಕ್ಕೆರಡು ಸಲ ಹೋಟೆಲ್ ಕಾಫಿ ಕುಡಿದವರೇ. ಇನ್ನು ಆಪ್, ಅದನ್ನೂ ನಾಲ್ಕು ತಿಂಗಳು ಮಾಡಿ ನೋಡಿದ್ದೀನಿ. ದುಡ್ಡು ಹೋದ ಮೇಲೆ ಎಲ್ಲಿ ಹೋಯ್ತು ಅಂತ ಅದು ಬಣ್ಣಬಣ್ಣದ ಚಿತ್ರ ಬರೆದು ತೋರಿಸುತ್ತೆ. ಹೋಗೋದನ್ನ ತಡೆಯೋದಿಲ್ಲ. ಕಳ್ಳ ಹೋದ ಮೇಲೆ ಪಂಚನಾಮೆ ಮಾಡಿದ ಹಾಗೆ.

ಅಮ್ಮ ಮಾಡ್ತಿದ್ದದ್ದೇ ಬೇರೆ. ಒಂದನೇ ತಾರೀಕು ಅಪ್ಪ ತಂದ ಕವರನ್ನ ಅವತ್ತೇ ಒಡೆದು ಹಂಚೋರು. ಹಾಲಿನವನದು ಒಂದು ಕಡೆ, ಬಾಡಿಗೆ ಒಂದು ಕಡೆ, ಸಾಸಿವೆ ಕೆಳಗೆ ಒಂದಿಷ್ಟು. ಸಂತೆಗೆ ಹೋಗುವಾಗ ಕೈಯಲ್ಲಿ ಇರ್ತಿದ್ದದ್ದು ಆ ವಾರದ ಪರ್ಸು ಮಾತ್ರ. ಪರ್ಸು ಖಾಲಿ ಆದರೆ ಸಂತೆ ಮುಗೀತು. ಇದಕ್ಕೆ ಮಹಾ ಮನೋಬಲ ಏನೂ ಬೇಕಿರಲಿಲ್ಲ. ಪೂರ್ತಿ ಸಂಬಳ ಸಂತೆಗೆ ಹೋಗ್ತಾನೇ ಇರಲಿಲ್ಲ, ಅಷ್ಟೇ.

ನನ್ನದು ಹೋಗುತ್ತೆ. 2016ರಲ್ಲಿ ಯುಪಿಐ ಬಂತು, ಒಳ್ಳೇದೇ ಆಯ್ತು. ಆದರೆ ಸಂಬಳ ಬೀಳೋ ಖಾತೆಯನ್ನೇ ಅದಕ್ಕೆ ಜೋಡಿಸಿಕೊಂಡು ಕೂತಿದ್ದೀವಿ. ಮಾಳಿಗೆ ಮೇಲಿನ ಟ್ಯಾಂಕಿಗೆ ನೇರ ನಲ್ಲಿ ಹಾಕಿ, ಬೀದಿಯ ಪ್ರತಿ ಅಂಗಡಿ ಮುಂದೆ ತಿರುಗಿಸಿದ ಹಾಗಾಯ್ತು. ಬಿಂದಿಗೆಯಲ್ಲಿ ಹಿಡಿದಿಟ್ಟ ನೀರಾದರೆ ತಳ ಕಾಣುತ್ತೆ, ಕೈ ತಾನಾಗೇ ಹಿಡಿತಕ್ಕೆ ಬರುತ್ತೆ. ನಲ್ಲಿ ಕೆಳಗೆ ನಿಂತವನಿಗೆ ಟ್ಯಾಂಕ್ ಎಷ್ಟು ಇಳೀತು ಅಂತ ಗೊತ್ತಾಗೋದೇ ಇಲ್ಲ.

ಅದಕ್ಕೇ ನಾನು ಮಾಡಿಕೊಂಡ ಅಭ್ಯಾಸ ಒಂದೇ: ಸಂಬಳದ ಖಾತೆಯನ್ನ ಯುಪಿಐಯಿಂದ ತೆಗೆದುಹಾಕಿದೆ. ಇನ್ನೊಂದು ಉಳಿತಾಯ ಖಾತೆಯನ್ನ ಜೋಡಿಸಿದೆ. ಪ್ರತಿ ಸೋಮವಾರ ಸಂಬಳದ ಖಾತೆಯಿಂದ ಅಲ್ಲಿಗೆ ಒಂದು ವಾರದ ದುಡ್ಡು ತಾನಾಗೇ ಹೋಗುತ್ತೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಇದನ್ನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂತಾರೆ, ಒಂದು ಸಲ ಹಾಕಿಟ್ಟರೆ ಸಾಕು.

ವಾರಕ್ಕೆ ಎಷ್ಟು? ಇದನ್ನ ಊಹಿಸಬೇಡಿ. ನನ್ನ ಲೆಕ್ಕ ಹೇಳ್ತೀನಿ. ಕೈಗೆ ಬರೋದು 48,000. ಬಾಡಿಗೆ ಪಾಲು 11,000, ಮನೆಗೆ 8,000, ಓದಿನ ಸಾಲದ ಕಂತು 6,200, ಫೋನು-ನೆಟ್ಟು-ಬಸ್ ಪಾಸು 1,800. ಒಟ್ಟು 27,000. ಇವೆಲ್ಲ ಸಂಬಳದ ಖಾತೆಯಿಂದಲೇ ಹೋಗಲಿ, ಇವುಗಳ ತಂಟೆಗೆ ಹೋಗಲಿಲ್ಲ. ಉಳಿದದ್ದು 21,000. ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಮಿಕ್ಕ ಯುಪಿಐ ಖರ್ಚು ಕೂಡಿದೆ: 214 ಸಲ, 61,100 ರೂಪಾಯಿ. ಒಂದು ಸಲಕ್ಕೆ ಸರಾಸರಿ 285. ಒಂದೊಂದಾಗಿ ನೋಡಿದರೆ ದುಂದು ಅನ್ನುವಂಥದ್ದು ಒಂದೂ ಇರಲಿಲ್ಲ. ಮೂರು ತಿಂಗಳು ಅಂದ್ರೆ 13 ವಾರ, ವಾರಕ್ಕೆ 4,700 ಆಯ್ತು. ನಾನು 3,700ಕ್ಕೆ ಇಳಿಸಿದೆ. ವಾರಕ್ಕೆ ಸಾವಿರ ಉಳಿದರೆ ವರ್ಷಕ್ಕೆ 52,000. ಒಂದೇ ಸಲ ಅರ್ಧಕ್ಕೆ ಇಳಿಸೋ ಶೂರರು ಎರಡನೇ ವಾರಕ್ಕೇ ಬಿಟ್ಟುಬಿಡ್ತಾರೆ, ಐದರಲ್ಲಿ ಒಂದು ಪಾಲು ಸಾಕು.

ತಿಂಗಳಿಗೊಮ್ಮೆ ಯಾಕೆ ಹಾಕಬಾರದು ಅಂತ ಕೇಳ್ತಾರೆ. ತಿಂಗಳ ದುಡ್ಡು 12ನೇ ತಾರೀಕಿಗೆ ಮುಗಿದರೆ ಮುಂದಿನ 18 ದಿನ ಯಾರೂ ಉಪವಾಸ ಇರೋದಿಲ್ಲ, ನಿಯಮ ಮುರೀತಾರೆ. ವಾರದ ದುಡ್ಡು ಶುಕ್ರವಾರ ಮುಗಿದರೆ ಎರಡು ದಿನ ಮನೆಯಲ್ಲಿ ಚಿತ್ರಾನ್ನ ಮಾಡ್ಕೊಂಡು ತಿಂದರೆ ಸೋಮವಾರ ಬಂದೇ ಬರುತ್ತೆ. ತಪ್ಪು ಸಣ್ಣದಾದರೆ ಸರಿ ಮಾಡೋದೂ ಸುಲಭ.

ಎಡವುವ ಜಾಗಗಳೂ ಇವೆ. ಕಾಲೇಜಿನಲ್ಲಿ ತೆರೆದ ಹಳೇ ಖಾತೆ ಬಳಸೋಣ ಅಂತ ಹೋದೆ. ಎರಡು ವರ್ಷಕ್ಕಿಂತ ಹೆಚ್ಚು ವ್ಯವಹಾರ ಇಲ್ಲದ್ದರಿಂದ ಅದು ನಿಷ್ಕ್ರಿಯ ಆಗಿತ್ತು. ಮತ್ತೆ ಕೆವೈಸಿ ಕೊಟ್ಟು ಎಬ್ಬಿಸಬೇಕಾಯ್ತು. ಹೊಸದು ತೆರೆಯೋದಾದರೆ ಕನಿಷ್ಠ ಬ್ಯಾಲೆನ್ಸ್ ಕೇಳದ ಖಾತೆ ನೋಡಿ, ಇಲ್ಲಾಂದ್ರೆ ಖಾಲಿ ಆಗಲಿ ಅಂತಲೇ ಇಟ್ಟ ಖಾತೆಗೆ ದಂಡ ಬೀಳುತ್ತೆ. ಹಳೇ ಖಾತೆಯನ್ನ ಯುಪಿಐಯಿಂದ ತೆಗೆಯೋ ಮುಂಚೆ ಆಟೋಪೇ ಪಟ್ಟಿ ತೆರೆದು ನೋಡಿ. ನೋಡೋದನ್ನೇ ಮರೆತಿದ್ದ ಎರಡು ಚಂದಾ ನನಗೆ ಅಲ್ಲೇ ಸಿಕ್ಕಿದವು. ಇನ್ನು ಕ್ರೆಡಿಟ್ ಕಾರ್ಡನ್ನೂ ಅದೇ ಆಪ್‌ಗೆ ಜೋಡಿಸಿಕೊಂಡರೆ ಎಲ್ಲಾ ವ್ಯರ್ಥ. ಒಂದು ತೂತು ಮುಚ್ಚಿ ಪಕ್ಕದಲ್ಲೇ ಇನ್ನೊಂದು ಕೊರೆದ ಹಾಗೆ.

ದೊಡ್ಡ ಅಪಾಯ ಮಾತ್ರ ಮಧ್ಯದಲ್ಲಿ ಮತ್ತೆ ದುಡ್ಡು ಹಾಕಿಕೊಳ್ಳೋದು. ಮೊದಲ ತಿಂಗಳು ಮೂರು ಸಲ ಹಾಗೆ ಮಾಡಿದೆ. ಆಮೇಲೆ ಸಂಬಳದ ಬ್ಯಾಂಕಿನ ಆಪನ್ನೇ ಫೋನಿಂದ ತೆಗೆದೆ. ಈಗ ಹಾಕಬೇಕಂದ್ರೆ ಮನೆಗೆ ಹೋಗಿ ಲ್ಯಾಪ್‌ಟಾಪ್ ತೆಗೆದು, ಪಾಸ್‌ವರ್ಡ್ ಹೊಡೆದು, ಓಟಿಪಿಗೆ ಕಾಯಬೇಕು. ನಿಜವಾದ ಅಗತ್ಯ ಅಷ್ಟು ಹೊತ್ತು ಕಾಯುತ್ತೆ. ರಾತ್ರಿ ಹನ್ನೊಂದರ ಬಿರಿಯಾನಿ ಕಾಯೋದಿಲ್ಲ.

ಉಳಿದ ದುಡ್ಡು ಸಂಬಳದ ಖಾತೆಯಲ್ಲೇ ಕೂತರೂ ಕಣ್ಣಿಗೆ ಬೀಳ್ತಾ ಇರುತ್ತೆ. ಅದಕ್ಕೆ ಪ್ರತಿ ತಿಂಗಳು 3ನೇ ತಾರೀಕು 4,000 ರೂಪಾಯಿ ಆರ್‌ಡಿಗೆ ಹೋಗೋ ಹಾಗೆ ಮಾಡಿದ್ದೀನಿ.

ಹದಿನೆಂಟು ಸಾವಿರ ಸಂಬಳದಲ್ಲಿ ಬಾಡಿಗೆ, ಮಕ್ಕಳ ಫೀಸು ಎರಡೂ ಕಟ್ಟುವವರಿಗೆ ಇದನ್ನ ಹೇಳೋ ಧೈರ್ಯ ನನಗಿಲ್ಲ. ಅವರ ಟ್ಯಾಂಕಿಗೆ ನೀರೇ ಬರ್ತಿಲ್ಲ, ನಲ್ಲಿ ಕಟ್ಟು ಅಂದ್ರೆ ಅದು ಅವಮಾನ. ನಾನು ಮಾತಾಡ್ತಿರೋದು ನನ್ನಂಥವರ ಜೊತೆ. ಒಂದನೇ ತಾರೀಕು ಸಾಹುಕಾರರಾಗಿ, 24ಕ್ಕೆ ತಮ್ಮನ್ನೇ ಬೈದುಕೊಳ್ಳೋರ ಜೊತೆ. ಬೈದುಕೊಳ್ಳೋದು ಬಿಟ್ಟು ಮೊದಲು ಆ ಖಾತೆಯನ್ನ ಬಿಚ್ಚಿ.

ಈ ಫೆಬ್ರವರಿಯಲ್ಲಿ ಅಪ್ಪನ ಇನ್ನೊಂದು ಕಣ್ಣಿನ ಆಪರೇಷನ್ ಆಯ್ತು. ದುಡ್ಡು ನಾನೇ ಹಾಕಿದೆ. ಸಂಜೆ ಅಮ್ಮ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ: "ಯಾರ ಹತ್ರನೂ ಸಾಲ ಮಾಡ್ಲಿಲ್ಲ ತಾನೇ?"