ಮಕ್ಕಳ ಆಟಪಾಠ: ಖೋ ಖೋ ಕಲಿಸುವ ಕ್ರಮ

ಖೋ ಖೋ ಆಟವನ್ನು ಬಲ್ಲವರೆಲ್ಲರೂ ಅದು ಬಲು ಸುಲಭವಾದ ಆಟವೆಂದು ಹೇಳುವುದುಂಟು. ಆದರೆ ಹೊಸದಾಗಿ ಆಡಬಂದ ಮಗುವಿಗೆ ಅದು ಹಾಗೆ ತೋರುವುದಿಲ್ಲ. ನಡುವಿನ ಪಟ್ಟೆಯನ್ನು ದಾಟಬಾರದು, ಹಿಂದಕ್ಕೆ ತಿರುಗಬಾರದು, ಕರೆಯುವ ಮೊದಲು ಏಳಬಾರದು, ಎದುರಿನಿಂದ ಖೋ ಕೊಡಬಾರದು ಎಂಬಿಷ್ಟು ನಿಷೇಧಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಒಡನೆಯೇ ಅಟ್ಟಿಹಿಡಿಯೆಂದು ಬಿಟ್ಟರೆ, ಆ ಮಗು ಹೆಜ್ಜೆಗೊಂದು ತಪ್ಪು ಮಾಡುತ್ತದೆ. ಜೊತೆಯವರು ಗದ್ದಲವೆಬ್ಬಿಸುತ್ತಾರೆ. ಎರಡು ಸಂಜೆ ಹೀಗಾದ ಮೇಲೆ ಮೂರನೆಯ ಸಂಜೆ ಆ ಮಗು ಆಟಕ್ಕೆ ಬರುವುದಿಲ್ಲ. ನಿಯಮಗಳನ್ನು ಬಿಡಿಸಿ, ಒಂದರ ಮೇಲೊಂದನ್ನು ಇಟ್ಟು ಕಲಿಸಿದರೆ ಈ ನಷ್ಟವನ್ನು ತಪ್ಪಿಸಬಹುದು. ಆ ಕ್ರಮವನ್ನು ಈ ತಿಂಗಳು ವಿವರಿಸಲಾಗಿದೆ.

ಮೊದಲು ಸ್ಥಳದ ವಿಚಾರ. 1914 ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದವರು ಈ ಆಟದ ನಿಯಮಗಳನ್ನು ಕ್ರಮಪಡಿಸಿದಂದಿನಿಂದ ಅಂಗಣದ ಅಳತೆಗಳು ಹಲವು ಬಾರಿ ತಿದ್ದಲ್ಪಟ್ಟಿವೆ. ಈಗಲೂ ಎಂಟು ಮಂದಿ ಕುಳಿತು ಒಬ್ಬರು ಅಟ್ಟುವ ಪೂರ್ಣ ಅಂಗಣಕ್ಕೆ ಸುಮಾರು 90 ಅಡಿ ಉದ್ದವೂ 52 ಅಡಿ ಅಗಲವೂ ಬೇಕು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಡಾವಣೆಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ಅಷ್ಟು ಬಯಲು ದೊರಕುವುದು ಕಷ್ಟ. ಆದರೆ ಮಾಲಿಕರ ಒಪ್ಪಿಗೆಯಿಂದ 60×40 ಅಡಿಯ ಒಂದು ಖಾಲಿ ನಿವೇಶನ ದೊರೆತರೆ ಆರು ಮಕ್ಕಳಿಗೆ ಪಾಠವನ್ನೆಲ್ಲ ಅಲ್ಲಿಯೇ ಮುಗಿಸಬಹುದು. ಗಾಜಿನ ಚೂರನ್ನೂ ಜಲ್ಲಿಕಲ್ಲನ್ನೂ ಆರಿಸಿ ತೆಗೆದ ಮಣ್ಣಿನ ನೆಲವೇ ಉತ್ತಮ. ವಸತಿ ಸಮುಚ್ಚಯಗಳ ಕಾಂಕ್ರೀಟು ಇಟ್ಟಿಗೆಯ ಹಾಸಿನ ಮೇಲೆ ಕುಳಿತೇಳುವ ಅಭ್ಯಾಸ ಮಾಡಿಸಿದರೆ ಮೊಣಕಾಲೂ ಅಂಗೈಯೂ ತರಚುತ್ತವೆ. ಅಲ್ಲಿ ನಡಿಗೆಯ ಪಾಠಗಳನ್ನು ಮಾತ್ರ ನಡೆಸಬಹುದು.

ನಿವೇಶನದ ಉದ್ದಕ್ಕೆ, ನಡುವೆ, ಸುಣ್ಣದ ಪುಡಿಯಿಂದ ಒಂದಡಿ ಅಗಲದ ಪಟ್ಟೆಯನ್ನು ಎಳೆಯಿರಿ. ಎರಡು ತುದಿಗಳಲ್ಲಿಯೂ ಐದೈದು ಅಡಿ ಬಿಟ್ಟು, 50 ಅಡಿ ಅಂತರದಲ್ಲಿ ಎರಡು ಮರದ ಕಂಬಗಳನ್ನು ನಡಿರಿ. ಅವು ನಾಲ್ಕಡಿ ಎತ್ತರವಾಗಿ, ಉರುಟಾಗಿ, ಮೇಲ್ತುದಿಯಲ್ಲಿ ಮೊನೆಯಿಲ್ಲದೆ, ಮಗು ಹಿಡಿದು ತಿರುಗಿದರೂ ಅಲುಗದಂತೆ ಇರತಕ್ಕದ್ದು. ಒಂದು ಕಂಬದಿಂದ 8, 16½, 25, 33½, 42 ಅಡಿಗಳ ದೂರದಲ್ಲಿ ಪಟ್ಟೆಯ ಮೇಲೆ ಒಂದಡಿಯ ಚೌಕಗಳನ್ನು ಬರೆಯಿರಿ. ಚೌಕದಿಂದ ಚೌಕಕ್ಕಿರುವ ಈ ಎಂಟೂವರೆ ಅಡಿಯ ಅಂತರವು ಪೂರ್ಣ ಅಂಗಣದ ಅಂತರವೇ ಆದುದರಿಂದ, ಇಲ್ಲಿ ಕಲಿತ ಹೆಜ್ಜೆ ಮುಂದೆ ಶಾಲೆಯ ಮೈದಾನದಲ್ಲಿ ಕೆಡುವುದಿಲ್ಲ. ಪಟ್ಟೆಯು ಉತ್ತರದಿಂದ ದಕ್ಷಿಣಕ್ಕೆ ಹೋಗುವುದೆಂದೂ, ಚೌಕಗಳನ್ನು ಉತ್ತರದಿಂದ 1, 2, 3, 4, 5 ಎಂದು ಎಣಿಸುವುದೆಂದೂ ಇಟ್ಟುಕೊಳ್ಳೋಣ. 1, 3, 5 ರಲ್ಲಿ ಕುಳಿತವರು ಪೂರ್ವಕ್ಕೂ, 2, 4 ರಲ್ಲಿ ಕುಳಿತವರು ಪಶ್ಚಿಮಕ್ಕೂ ಮುಖಮಾಡತಕ್ಕದ್ದು.

ಮೊದಲನೆಯ ಪಾಠ ಕುಳಿತೇಳುವುದು. ಈ ಸಂಜೆ ಓಡಿ ತಪ್ಪಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಮಗು ಎರಡು ಪಾದಗಳನ್ನೂ ಚೌಕದೊಳಗಿಟ್ಟು ಕುಕ್ಕರುಗಾಲಿನಲ್ಲಿ, ಹಿಮ್ಮಡಿಯನ್ನು ತುಸು ಎತ್ತಿ, ಬೆರಳ ತುದಿಗಳನ್ನು ಮುಂದೆ ನೆಲಕ್ಕೆ ಊರಿ ಕುಳಿತುಕೊಳ್ಳಲಿ. ಆರನೆಯ ಮಗು ಉತ್ತರದ ಕಂಬದ ಬಳಿ ಪಟ್ಟೆಯ ಪಶ್ಚಿಮಕ್ಕೆ ನಿಂತು, ನಡೆದುಕೊಂಡು ಬಂದು, 1 ನೆಯ ಚೌಕದವನ ಬೆನ್ನನ್ನು ಮುಟ್ಟಿ ಆ ಕ್ಷಣದಲ್ಲಿಯೇ "ಖೋ" ಎನ್ನಲಿ. ಕುಳಿತವನು ಪೂರ್ವಕ್ಕೆ ಎದ್ದು ಹೊರಡಬೇಕು. ಕೊಟ್ಟವನು ತೆರವಾದ ಚೌಕದಲ್ಲಿ ಎದ್ದವನ ಮುಖವಿದ್ದ ದಿಕ್ಕಿಗೇ ಮುಖಮಾಡಿ ಕೂಡಲೇ ಕುಳಿತುಕೊಳ್ಳಬೇಕು. ಎದ್ದವನು ಈಗ ಪೂರ್ವದ ಬದಿಯಲ್ಲಿರುವನಷ್ಟೆ. ಆ ಬದಿಗೆ ಬೆನ್ನುಮಾಡಿರುವವನು 2 ನೆಯ ಚೌಕದವನು. ಆದುದರಿಂದ ಅವನಿಗೆ ಖೋ ಕೊಡುತ್ತಾನೆ. ಅವನು ಪಶ್ಚಿಮಕ್ಕೆದ್ದು 3 ನೆಯವನಿಗೆ ಕೊಡುತ್ತಾನೆ. ಹೀಗೆ ಐದು ಖೋಗಳಾದ ಮೇಲೆ, 5 ನೆಯ ಚೌಕದಿಂದ ಎದ್ದ ಮಗು ದಕ್ಷಿಣದ ಕಂಬವನ್ನು ಸುತ್ತಿ ಪಶ್ಚಿಮದ ಬದಿಗೆ ಬಂದು, 5, 4, 3, 2, 1 ಎಂಬ ಕ್ರಮದಲ್ಲಿ ಖೋ ಹಿಂದಿರುಗುವಂತೆ ಮಾಡಬೇಕು.

ಇದರಲ್ಲಿ ಒಂದು ಸೊಗಸಾದ ತಾಳೆ ಇದೆ. ಹೋಗುವಾಗ ಪ್ರತಿಯೊಂದು ಮಗುವೂ ಒಂದೊಂದು ಚೌಕ ಮುಂದಕ್ಕೆ ಸರಿಯುತ್ತದೆ. ಬರುವಾಗ ಒಂದೊಂದು ಚೌಕ ಹಿಂದಕ್ಕೆ ಬರುತ್ತದೆ. ಹತ್ತು ಖೋಗಳು ಮುಗಿದಾಗ ಎಲ್ಲರೂ ಮೊದಲಿನ ಚೌಕಗಳಲ್ಲಿಯೇ ಇದ್ದು, ಮೊದಲು ಹೊರಟ ಮಗುವೇ ಉತ್ತರದ ಕಂಬದ ಬಳಿ ನಿಂತಿರುತ್ತದೆ. ಯಾರಾದರೂ ಬೇರೆಯವರ ಚೌಕದಲ್ಲಿದ್ದರೆ ನಡುವೆ ಎಲ್ಲಿಯೋ ತಪ್ಪಾಗಿದೆಯೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ, ಹಿರಿಯರು ಗದರಬೇಕಾಗಿಲ್ಲ. ಈ ಬಡಾವಣೆಗಳಲ್ಲಿ ಕನ್ನಡ, ತೆಲುಗು, ಹಿಂದಿ, ಒಡಿಯಾ ಆಡುವ ಮನೆಗಳ ಮಕ್ಕಳು ಒಂದೇ ಬೀದಿಯಲ್ಲಿ ಕೂಡುವುದರಿಂದ, ಬಾಯಿಮಾತಿನ ವಿವರಣೆಗಿಂತ ಈ ತಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಡಿಗೆಯಲ್ಲಿ ತಪ್ಪದೆ ಮೂರು ಸುತ್ತು ಮುಗಿದ ಹೊರತು ಓಟಕ್ಕೆ ಬಿಡಬಾರದು. ಗಮನಿಸತಕ್ಕ ದೋಷ ಮುಖ್ಯವಾಗಿ ಒಂದೇ: ಹೆಜ್ಜೆಯ ಸಪ್ಪಳ ಕೇಳಿದೊಡನೆ, ಖೋ ಬರುವ ಮೊದಲೇ ಏಳುವುದು. ಇದಕ್ಕೆ ಮದ್ದೆಂದರೆ, ಬೆನ್ನಟ್ಟುವ ಮಗು ಆಗಾಗ ಖೋ ಕೊಡದೆಯೇ ಒಂದು ಚೌಕವನ್ನು ಹಾದುಹೋಗುವುದು. ಆಗ ಎದ್ದುಬಿಟ್ಟ ಮಗು ತನ್ನ ಆತುರವನ್ನು ತಾನೇ ಅರಿಯುತ್ತದೆ.

ಎರಡನೆಯ ಪಾಠ ದಿಕ್ಕನ್ನು ಹಿಡಿಯುವುದು. ಎದ್ದ ಮಗು ಉತ್ತರಕ್ಕಾದರೂ ಹೋಗಬಹುದು, ದಕ್ಷಿಣಕ್ಕಾದರೂ ಹೋಗಬಹುದು. ಆದರೆ ಒಂದು ಕಡೆಗೆ ಹೊರಟ ಮೇಲೆ, ನಡುವೆ ಖೋ ಕೊಟ್ಟರೆ ಸರಿ, ಇಲ್ಲವಾದರೆ ಆ ಕಡೆಯ ಕಂಬದ ಗೆರೆಯವರೆಗೆ ಹೋಗಲೇಬೇಕು. ಅಭ್ಯಾಸಕ್ಕಾಗಿ ಹಿರಿಯರೊಬ್ಬರು ಅಂಗಣದ ಹೊರಗೆ ನಿಂತು, ಖೋ ಬಿದ್ದ ಕ್ಷಣದಲ್ಲಿ ಕೈಯನ್ನು ಉತ್ತರಕ್ಕೋ ದಕ್ಷಿಣಕ್ಕೋ ಚಾಚಲಿ. ಏಳುವ ಮಗು ಮೊದಲನೆಯ ಹೆಜ್ಜೆಯನ್ನೇ ಆ ಕಡೆಗೆ ಹಾಕಬೇಕು. ನೇರವಾಗಿ ಎದ್ದು ನಿಂತು ಆಮೇಲೆ ಯೋಚಿಸುವ ಮಗುವಿಗೆ ಎರಡು ಹೆಜ್ಜೆಯ ಕಾಲ ನಷ್ಟವಾಗುತ್ತದೆ. ಖೋ ಕೊಡಬೇಕೆಂದಿದ್ದ ಚೌಕವನ್ನು ದಾಟಿಹೋದ ಮೇಲೆ ಹಿಂದಕ್ಕೆ ಬಂದು ಕೊಡುವುದೂ ತಪ್ಪೇ. ಇಂತಹ ತಪ್ಪಿಗೆ ಬೇರೆ ಶಿಕ್ಷೆ ಬೇಡ. ಆಟದ ನಿಯಮದಂತೆ ಅಂಪಾಯರು ಆ ಮಗುವನ್ನು ಅದು ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಕಳುಹಿಸುತ್ತಾರೆ. ತಪ್ಪಿನಿಂದ ಹಿಡಿದ ಹಿಡಿತ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟೇ ಸಾಕು.

ಮೂರನೆಯ ಪಾಠ ತಿರುಗುವುದು. ಬೆನ್ನಟ್ಟುವಾಗ ಕತ್ತನ್ನು ತಿರುಗಿಸಿ ನೋಡಬಹುದು. ಭುಜಗಳನ್ನು ಮಾತ್ರ ಹೋಗುವ ದಿಕ್ಕಿನಿಂದ ಕಾಲು ಸುತ್ತಿಗಿಂತ, ಎಂದರೆ ಮೂಲೆಮಟ್ಟಕ್ಕಿಂತ, ಹೆಚ್ಚಾಗಿ ತಿರುಗಿಸಕೂಡದು. ಮಕ್ಕಳಿಗೆ ಭುಜ ತಿರುಗಿದ್ದು ತಿಳಿಯುವುದೇ ಇಲ್ಲ. ಸುರುಳಿ ಸುತ್ತಿದ ವೃತ್ತಪತ್ರಿಕೆಯೊಂದನ್ನು ಎದೆಗೆ ಅಡ್ಡಲಾಗಿ ಎರಡು ಕೈಗಳಿಂದ ಹಿಡಿಸಿ ನಡೆಸಿರಿ. ಹಿಂದಿನಿಂದ ಹೆಸರು ಹಿಡಿದು ಕೂಗಿರಿ. ಸುರುಳಿಯು ಪಟ್ಟೆಗೆ ಸಮಾನಾಂತರವಾಗುವಷ್ಟು ತಿರುಗಿದರೆ ಅಲ್ಲಿಗೆ ಮಿತಿ ಮುಗಿಯಿತು. ಬಳಿಕ ಕಂಬದ ತಿರುವು. ಪೂರ್ವದ ಬದಿಯಿಂದ ಪಶ್ಚಿಮದ ಬದಿಗೆ ಹೋಗಲು ಬೆನ್ನಟ್ಟುವವರಿಗೆ ಕಂಬವನ್ನು ಸುತ್ತುವುದಲ್ಲದೆ ಬೇರೆ ದಾರಿಯಿಲ್ಲ. ಕಂಬಕ್ಕೆ ಹತ್ತಿರವಾದ ಕೈಯಿಂದ ಅದನ್ನು ಹಿಡಿದು, ಮೈಯನ್ನು ಒಳಕ್ಕೆ ವಾಲಿಸಿ, ಸಣ್ಣ ಹೆಜ್ಜೆಗಳಿಂದ ತಿರುಗಬೇಕು. ಕಂಬದ ಗೆರೆಯ ಆಚೆಗಿರುವ ಜಾಗದಲ್ಲಿ ದಿಕ್ಕಿನ ನಿಯಮವಿಲ್ಲ. ಅಲ್ಲಿ ಬೇಕಾದಂತೆ ತಿರುಗಬಹುದು. ಒಳಕ್ಕೆ ಬಂದೊಡನೆ ನಿಯಮವು ಮತ್ತೆ ಹತ್ತುತ್ತದೆ.

ನಾಲ್ಕನೆಯ ಸಂಜೆಯಲ್ಲಿ ಮಾತ್ರ ಒಬ್ಬ ಓಟಗಾರನನ್ನು ಬಿಡಿರಿ. ಇದಕ್ಕೆ ಏಳನೆಯ ಮಗು ಬೇಕು. ಇಲ್ಲವಾದರೆ ಒಂದು ಚೌಕವನ್ನು ಬರಿದಾಗಿ ಬಿಡಬಹುದು. ಓಟಗಾರನು ಕುಳಿತವರನ್ನು ಮುಟ್ಟದೆ ಅವರ ನಡುವೆ ಯಾವ ಕಡೆಗಾದರೂ ನುಸುಳಬಹುದು. ಮೊದಲು ಇಬ್ಬರೂ ನಡೆಯಲಿ. ಒಂದು ಸಂದರ್ಭವನ್ನು ನೋಡೋಣ. ಬೆನ್ನಟ್ಟುವ ಮಗು ಪೂರ್ವದ ಬದಿಯಲ್ಲಿ ದಕ್ಷಿಣಕ್ಕೆ ಹೋಗುತ್ತ 2 ಮತ್ತು 3 ನೆಯ ಚೌಕಗಳ ನಡುವೆ ಇದೆ. 4 ನೆಯ ಚೌಕದ ಬಳಿಯಿದ್ದ ಓಟಗಾರನು 3 ಮತ್ತು 4 ರ ನಡುವೆ ನುಸುಳಿ ಪಶ್ಚಿಮಕ್ಕೆ ಹೋದನು. ಹೊಸಬರು ಇಲ್ಲಿ ಅವನ ಬೆನ್ನಿಗೇ ಪಟ್ಟೆಯನ್ನು ದಾಟಿಬಿಡುತ್ತಾರೆ. ಆಟವನ್ನು ನಿಲ್ಲಿಸಿ, ಯಾರಿಗೆ ಖೋ ಕೊಡಬಹುದೆಂದು ಎಲ್ಲರನ್ನೂ ಕೇಳಿರಿ. 2 ನೆಯವನ ಬೆನ್ನು ಈ ಕಡೆಗಿದೆ, ಆದರೆ ಅವನನ್ನು ದಾಟಿಯಾಗಿದೆ. 3 ನೆಯವನ ಮುಖವೇ ಈ ಕಡೆಗಿದೆ, ಅವನಿಗೆ ಕೊಡುವಂತಿಲ್ಲ. ಉಳಿದವನು 4 ನೆಯವನೊಬ್ಬನೇ. ಅವನು ಪಶ್ಚಿಮಕ್ಕೆ ಎದ್ದರೆ ಓಟಗಾರನು ಅವನೆದುರಿಗೇ ಇರುತ್ತಾನೆ. ಉತ್ತರಕ್ಕೆ ಓಡಿದರೆ ಉತ್ತರಕ್ಕೆ, ದಕ್ಷಿಣಕ್ಕೆ ಓಡಿದರೆ ದಕ್ಷಿಣಕ್ಕೆ ಬೆನ್ನು ಹತ್ತಬಹುದು. ಮಕ್ಕಳು ಎದುರುಬದರಾಗಿ ಕುಳಿತುಕೊಳ್ಳುವುದೇಕೆಂಬುದು ಆಗ ತಾನಾಗಿ ಹೊಳೆಯುತ್ತದೆ. ಓಟಗಾರನನ್ನು ಹಿಡಿಯುವುದು ಒಬ್ಬನ ವೇಗದಿಂದಲ್ಲ, ಸರಿಯಾದ ಬೆನ್ನಿಗೆ ಖೋ ಬೀಳುವುದರಿಂದ. ಮಂದಗತಿಯ ಮಗುವಿಗೂ ಈ ಆಟದಲ್ಲಿ ಸ್ಥಾನವಿರುವುದು ಇದರಿಂದಲೇ.

ಐದನೆಯ ಸಂಜೆ ಓಟದ ಆಟವನ್ನು ಆಡಿಸಬಹುದು. ವಿಧಿಯಂತೆ ಒಂದು ಸರದಿಗೆ 9 ನಿಮಿಷಗಳಿದ್ದರೂ ಹೊಸಬರಿಗೆ 3 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಕಾಲು ಸೋತು, ಹಿಂದಿನ ಪಾಠಗಳೆಲ್ಲ ಮರೆಯುತ್ತವೆ. ಆಟದ ನಡುವೆ ಒಂದೇ ಬಗೆಯ ತಪ್ಪು ಮೂರು ಬಾರಿ ಕಂಡರೆ, ಓಟಗಾರನನ್ನು ಹೊರಕ್ಕೆ ಕರೆದು, ಆ ತಪ್ಪಿಗೆ ಸಂಬಂಧಿಸಿದ ಪಾಠಕ್ಕೆ ಐದು ನಿಮಿಷ ಹಿಂದಿರುಗಿರಿ. ಪಟ್ಟೆ ದಾಟುವವರಿಗೆ ನಾಲ್ಕನೆಯ ಪಾಠ, ಹಿಂದಿರುಗುವವರಿಗೆ ಎರಡನೆಯದು, ಬೇಗನೆ ಏಳುವವರಿಗೆ ಮೊದಲನೆಯದು.

2025 ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ನಮ್ಮ ನಾಡಿನ ಗೌತಮ್ ಮತ್ತು ಚೈತ್ರಾ ಅವರೂ ಇದ್ದರು. ಅವರು ಆಡಿದ್ದು ಮೆತ್ತನೆಯ ಮ್ಯಾಟಿನ ಮೇಲೆ. ನಮ್ಮ ನಿವೇಶನವಾದರೋ ಕೆಮ್ಮಣ್ಣಿನದು. ಆದುದರಿಂದ ಓಟಗಾರನನ್ನು ಹಾರಿ ಬಿದ್ದು ಹಿಡಿಯುವ ಅವರ ವಿದ್ಯೆಯನ್ನು ಮಕ್ಕಳು ಅನುಕರಿಸದಂತೆ ನೋಡಿಕೊಳ್ಳತಕ್ಕದ್ದು. ಸುಣ್ಣದ ಗೆರೆಗಳನ್ನು ಪ್ರತಿ ಸಂಜೆಯೂ ಹೊಸದಾಗಿ ಎಳೆಯುವ ಕೆಲಸವನ್ನು ಮಾತ್ರ ಅವರಿಗೇ ಒಪ್ಪಿಸಿಬಿಡಬಹುದು. ಅಳೆದು ಬರೆದ ಚೌಕವನ್ನು ಮಗು ಬೇಗ ಮರೆಯುವುದಿಲ್ಲ.