ಕುರಿ ಬದಲಾಯಿತು, ಕಂಬಳಿ ಹೋಯಿತು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುವ ಕುಣಿಮಗ್ಗಗಳು ಒಂದೊಂದೇ ನಿಲ್ಲುತ್ತಿವೆ. ಪಾಣಿಪತ್ತಿನಿಂದ ಬರುವ ಅಗ್ಗದ ರಗ್ಗಿನಿಂದ ಹೀಗಾಯಿತು ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ನಿಜ. ಇನ್ನರ್ಧ ಕಾರಣ ನಮ್ಮ ಕುರಿರೊಪ್ಪದಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ನಮ್ಮಜ್ಜ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದರು. ಕರಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಿದ್ದರು. ಅಜ್ಜಿ ನೂಲುತ್ತಿದ್ದಳು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಕಾಯಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿಯುತ್ತಿದ್ದರು. ಗಂಜಿ ತೆಳುವಾದರೆ ನೇಯುವಾಗ ನೂಲು ಪಟಪಟ ಹರಿಯುತ್ತದೆ. ಒಂದು ಕುರಿಗೆ ವರ್ಷಕ್ಕೆ ಸುಮಾರು ಅರ್ಧ ಕೆಜಿ ಉಣ್ಣೆ. 2 ಕೆಜಿ ಕಂಬಳಿಗೆ ನಾಲ್ಕು ಕುರಿಯ ಒಂದು ವರ್ಷದ ಉಣ್ಣೆ ಬೇಕು.

ಈಗ ಮಾಂಸಕ್ಕೆ ಬೆಲೆ. ಅದಕ್ಕೇ ಅಪ್ಪ ಕರಿ ಕುರಿ ಮಾರಿ ನೆಲ್ಲೂರು ಕಡೆಯ ಎತ್ತರದ ಕುರಿ ತಂದರು. ಅದು ಬೇಗ ತೂಕ ಬರ್ತದೆ, ಆದರೆ ಮೈಮೇಲೆ ಉಣ್ಣೆಯೇ ಇಲ್ಲ. ಉಳಿದ ಆರು ಕರಿ ಕುರಿಯ ಉಣ್ಣೆ ಮಾರಿದರೆ ಕತ್ತರಿಸುವವರ ಕೂಲಿಯೂ ಹುಟ್ಟಲ್ಲ. ಬೇಲಿ ಮೇಲೆ ಎಸೀತೀವಿ.

“ಈಗಿನ ಮಕ್ಕಳು ಕಸುಬು ಕಲಿಯಲ್ಲ” ಅಂತ ದೊಡ್ಡವರು ಬೈತಾರೆ. ಕಲಿತರೂ ನೇಯೋಕೆ ನೂಲೆಲ್ಲಿ? ಅಪ್ಪನನ್ನೂ ನಾನು ಬೈಯಲ್ಲ. ನನ್ನ ಪುಸ್ತಕ, ಅಕ್ಕನ ಕಾಲೇಜು ಫೀಜು ಎಲ್ಲಾ ಮಾಂಸದ ಕುರಿಯಿಂದಲೇ. ಆದರೆ ಈಗ ಕುಣಿ ಮುಚ್ಚಿ ಅಲ್ಲಿ ಮರಿ ಕಟ್ತೀನಿ ಅಂತಾರೆ. ಅದು ಬೇಡ. ಎಸೆಯೋ ಉಣ್ಣೆ ಕೂಡಿಟ್ಟರೆ ವರ್ಷಕ್ಕೆ ಒಂದು ಕಂಬಳಿ ಆಗುತ್ತೆ. ಅಜ್ಜನ ಕೈ ಆಡುವವರೆಗೆ ಕುಣಿ ಮುಚ್ಚಬಾರದು.

– 7ನೇ ತರಗತಿ ವಿದ್ಯಾರ್ಥಿ